ಕೊನೆಯ ಶಾಲೆಯ ದಿನ, ಮನೆಯಲ್ಲಿ ಹೇಳಿಕೊಳ್ಳುವ ಪ್ರಾರ್ಥನೆ

ಪ್ರಶ್ನೆ: ಚಿಂತಾಮಣಿ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದೇನೆ. ದಾಖಲೆಯಲ್ಲಿ ನನ್ನ ಹುಟ್ಟಿದ ದಿನ ಜೂನ್ 1, ಹಾಗಾಗಿ ಮೇ 31ಕ್ಕೆ ವಯೋನಿವೃತ್ತಿ. ಅದು ಭಾನುವಾರ ಬಂದಿದೆ, ಶನಿವಾರವೇ ನನ್ನ ಕೊನೆಯ ಶಾಲೆ. ಬೀಳ್ಕೊಡುಗೆ ಶಾಲೆಯಲ್ಲಿ ಇದ್ದೇ ಇದೆ. ಅದಲ್ಲದೆ ಮನೆಯಲ್ಲಿ ಯಾರಿಗೂ ಹೇಳದೆ ದೇವರಿಗೆ ಕೃತಜ್ಞತೆ ಹೇಳಿಕೊಳ್ಳಬೇಕು ಅನ್ನಿಸಿದೆ. ಮನೆದೇವರು ವೆಂಕಟರಮಣ. ಮನೆಮಾತು ತೆಲುಗು, ಸಂಸ್ಕೃತ ಬಾರದು. ಯಾವ ಹೊತ್ತಿಗೆ, ಯಾವ ಕ್ರಮದಲ್ಲಿ, ಏನು ಹೇಳಲಿ? ಮೊದಮೊದಲು ಮಕ್ಕಳಿಗೆ ಹೊಡೆದಿದ್ದೇನೆ. ಏಳನೇ ತರಗತಿ ಮುಗಿಯುತ್ತಲೇ ಒಬ್ಬ ಹುಡುಗಿಯ ಮದುವೆ ಮಾಡಿಬಿಟ್ಟರು, ತಡೆಯಲಾಗಲಿಲ್ಲ. ಅವೆಲ್ಲ ಪ್ರಾರ್ಥನೆಯಲ್ಲಿ ಬರಬೇಕೇ?

ಉತ್ತರ: ಶನಿವಾರ ಸಂಜೆಯೇ ಹೇಳಿಕೊಳ್ಳಿ ತಾಯಿ. ತಿಂಗಳ ಮೊದಲ ದಿನ ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಯ ದಿನದ ಅಪರಾಹ್ನ ನಿವೃತ್ತಿ ಎಂಬುದು ಸರ್ಕಾರದ ನಿಯಮ. ಆ ಲೆಕ್ಕದಲ್ಲಿ ನೀವು ಭಾನುವಾರ ಮಧ್ಯಾಹ್ನದವರೆಗೂ ಸೇವೆಯಲ್ಲಿರುತ್ತೀರಿ. ಆದರೆ ನೀವು ದೇವರಿಗೆ ಹೇಳಹೊರಟಿರುವುದು ಪಾಠದ ವಿಷಯ, ಮಕ್ಕಳ ವಿಷಯ. ಅದು ಮುಗಿಯುವುದು ಶನಿವಾರ, ಶಾಲೆ ಬಿಟ್ಟ ಮೇಲೆ. ನಮ್ಮ ಸೀಮೆಯಲ್ಲಿ ಶನಿವಾರ ವೆಂಕಟರಮಣನ ವಾರವೂ ಹೌದು, ಆದ್ದರಿಂದ ಇನ್ನೊಂದು ದಿನ ಹುಡುಕಬೇಕಾಗಿಲ್ಲ.

ಬೆಳಿಗ್ಗೆ ಹೊರಡುವ ಮುಂಚೆ ಬೇಡ. ಆಗ ಮನಸ್ಸು ಸಮಾರಂಭದ ಮೇಲಿರುತ್ತದೆ, ಕೊನೆಯ ದಿನದ ಕೆಲಸವೂ ಇನ್ನೂ ಬಾಕಿ ಇರುತ್ತದೆ. ಶನಿವಾರ ಬೆಳಗಿನ ಶಾಲೆ. ಅದರ ಬೆನ್ನಿಗೇ ಸಮಾರಂಭ, ಊಟ, ಆಮೇಲೆ ನಿಮ್ಮನ್ನು ಮನೆವರೆಗೂ ಕಳಿಸಿಕೊಡಲು ಬರುವ ಜನ. ಸಂಜೆಗೆ ಅವರೆಲ್ಲ ಹೊರಟ ಮೇಲೆ ಕೈಕಾಲು ಮುಖ ತೊಳೆದು, ಸೀರೆ ಬದಲಿಸಿ, ದೀಪ ಹಚ್ಚಿ ಕೂರಿ. ಕೃತಜ್ಞತೆ ಹೇಳಲು ಮುಹೂರ್ತ ನೋಡುವ ಪದ್ಧತಿಯಿಲ್ಲ. ನೋಡಲೇಬೇಕು ಎನ್ನುವವರು ಮನೆಯಲ್ಲಿದ್ದರೆ ಶನಿವಾರದ ರಾಹುಕಾಲ ಬೆಳಿಗ್ಗೆ 9ರಿಂದ 10.30ರವರೆಗೆ, ಸಂಜೆಗೆ ಅದರ ತಂಟೆಯಿಲ್ಲ ಎಂದು ಹೇಳಿ.

ಸಿದ್ಧತೆ ಕಡಿಮೆ ಇದ್ದಷ್ಟೂ ಒಳ್ಳೆಯದು. ದಿನವೂ ಹಚ್ಚುವ ಎಣ್ಣೆ ದೀಪವೇ ಸಾಕು. ಶ್ರಾವಣ ಶನಿವಾರಕ್ಕೆ ಮಾಡುವ ಹಾಗೆ ತಂಬಿಟ್ಟಿನ ದೀಪ ಮಾಡಹೊರಟರೆ ಮನೆಯವರೆಲ್ಲ ಸೇರುತ್ತಾರೆ, ನೀವು ಬಯಸಿದ ಏಕಾಂತ ಹೋಗುತ್ತದೆ. ಒಂದು ದಳ ತುಳಸಿ, ಒಂದು ಚೂರು ಬೆಲ್ಲ ಇರಲಿ. ಶಾಲೆಯಲ್ಲಿ ನಿಮಗೆ ಹಾಕಿದ ಹಾರವನ್ನು ದೇವರಿಗೆ ಏರಿಸಬೇಡಿ. ಮನುಷ್ಯರು ಮುಡಿದ, ಧರಿಸಿದ ಹೂವು ಪೂಜೆಗೆ ಬರುವುದಿಲ್ಲ. ಶಾಲು, ಫಲಕಗಳೂ ಬೇರೆ ಕೋಣೆಯಲ್ಲಿರಲಿ. ಇದು ಮಡಿಯ ಮಾತಲ್ಲ. ಅವು ಎದುರಿಗಿದ್ದರೆ ಕಿವಿಯಲ್ಲಿ ಭಾಷಣಗಳೇ ಕೇಳುತ್ತಿರುತ್ತವೆ. ಅವುಗಳ ಬದಲು ಒಂದು ಸೀಮೆಸುಣ್ಣದ ತುಂಡನ್ನು ದೀಪದ ಮುಂದಿಡಿ. ನವರಾತ್ರಿಯಲ್ಲಿ ಪುಸ್ತಕ ಇಟ್ಟು ಸರಸ್ವತಿ ಪೂಜೆ ಮಾಡುವ ಪದ್ಧತಿ ನಿಮಗೆ ಗೊತ್ತೇ ಇದೆ, ಇದೂ ಅದರ ಜಾಡೇ. ಮನೆಯಲ್ಲಿ ಸೂತಕವಿದ್ದು ದೀಪ ಹಚ್ಚುವಂತಿಲ್ಲವಾದರೆ ದೀಪವಿಲ್ಲದೆಯೇ ಹೇಳಿಕೊಳ್ಳಿ. ಮನಸ್ಸಿನ ಪ್ರಾರ್ಥನೆಗೆ ಸೂತಕ ಅಡ್ಡ ಬರುವುದಿಲ್ಲ.

ಇನ್ನು ಏನು ಹೇಳಬೇಕು ಎಂಬುದು. ‘ಭಗವಂತಾ, ಇಷ್ಟು ವರ್ಷ ಕಾಪಾಡಿದೆ, ನಿನಗೆ ಅನಂತ ವಂದನೆ’ ಎಂದರೆ ಪ್ರಾರ್ಥನೆ ಅರ್ಧ ನಿಮಿಷಕ್ಕೆ ಮುಗಿದುಹೋಗುತ್ತದೆ, ಮನಸ್ಸು ಮಾತ್ರ ಇನ್ನೂ ತುಂಬಿಕೊಂಡೇ ಇರುತ್ತದೆ. ಯಾವುದಕ್ಕೆ ಕೃತಜ್ಞತೆ ಎಂಬ ಪಟ್ಟಿ ಬೇಕು. ಆ ಪಟ್ಟಿ ನಮ್ಮ ಪರಂಪರೆಯಲ್ಲಿ ಆಗಲೇ ಇದೆ, ಬೇಡಿಕೆಯ ರೂಪದಲ್ಲಿದೆ ಅಷ್ಟೆ.

ತೈತ್ತಿರೀಯ ಉಪನಿಷತ್ತಿನ ಮೊದಲ ಭಾಗಕ್ಕೆ ಶೀಕ್ಷಾವಲ್ಲಿ ಎಂದು ಹೆಸರು. ಅದರ ನಾಲ್ಕನೇ ಅನುವಾಕದಲ್ಲಿ ಗುರುವೊಬ್ಬ ಬೆಂಕಿಯ ಮುಂದೆ ಕೂತು ಆಹುತಿ ಹಾಕುತ್ತಾ ಬೇಡಿಕೊಳ್ಳುತ್ತಾನೆ. ನನಗೆ ಮೇಧಾಶಕ್ತಿ ಕೊಡು, ನನ್ನ ಶರೀರ ಚುರುಕಾಗಿರಲಿ, ನನ್ನ ನಾಲಿಗೆ ಸಿಹಿಯಾಗಿರಲಿ, ಕಿವಿಯಿಂದ ಬಹಳ ಕೇಳಿಸಿಕೊಳ್ಳುವಂತಾಗಲಿ, ಕೇಳಿದ್ದು ನನ್ನಲ್ಲಿ ಉಳಿಯಲಿ. ಉಡಲು ಬಟ್ಟೆ, ಹಸುಗಳು, ಅನ್ನಪಾನ ಸದಾ ಇರಲಿ. ಇಷ್ಟೆಲ್ಲ ಕೇಳಿದ ಮೇಲೆ ಕೊನೆಗೆ ಬರುವುದು ವಿದ್ಯಾರ್ಥಿಗಳು: ನನ್ನ ಬಳಿಗೆ ಬರಲಿ, ಎಲ್ಲ ಕಡೆಯಿಂದ ಬರಲಿ, ನೀರು ಇಳಿಜಾರಿಗೆ ಹರಿದು ಬರುವ ಹಾಗೆ, ತಿಂಗಳುಗಳು ವರ್ಷವನ್ನು ಸೇರುವ ಹಾಗೆ ಬರಲಿ. ಓದುವ ಮಕ್ಕಳೇ ಬಾರದಿದ್ದರೆ ಉಳಿದದ್ದೆಲ್ಲ ಇದ್ದೂ ಗುರು ಗುರುವಾಗುವುದಿಲ್ಲ ಎಂಬುದು ಆ ಕ್ರಮದಲ್ಲೇ ಕಾಣುತ್ತದೆ.

ಪಾಠ ಶುರುಮಾಡುವವರ ಬೇಡಿಕೆ ಅದು. ನೀವು ಆ ಬೇಡಿಕೆಯ ಇನ್ನೊಂದು ತುದಿಯಲ್ಲಿದ್ದೀರಿ. ನೀವು ಕೇಳಿಕೊಂಡಿದ್ದಿರೋ ಇಲ್ಲವೋ, ಅಲ್ಲಿರುವ ಒಂದೊಂದೂ ನಿಮಗೆ ಸಿಕ್ಕಿದೆ. ಆ ಸಾಲನ್ನೇ ಹಿಡಿದು ಒಂದೊಂದಕ್ಕೂ ‘ಕೊಟ್ಟೆ’ ಎಂದು ಹೇಳುತ್ತಾ ಬಂದರೆ ನಿಮ್ಮ ಪ್ರಾರ್ಥನೆ ತಾನಾಗಿ ಕಟ್ಟಿಕೊಳ್ಳುತ್ತದೆ. ಸಂಸ್ಕೃತದ ಒಂದಕ್ಷರವೂ ಬೇಕಿಲ್ಲ.

ಮೊದಲು ಶರೀರ. ಪ್ರಾಥಮಿಕ ಶಾಲೆಯ ಪಾಠ ನಿಂತು ಮಾಡುವ ಕೆಲಸ. ಮಂಡಿ, ಸೊಂಟ, ಬಸ್ಸಿಳಿದು ನಡೆದ ದಾರಿ, ಬಸಿರು ಬಾಣಂತನದ ದಿನಗಳು, ಜ್ವರ ಇದ್ದೂ ಹೋದ ದಿನಗಳು ಇವೆಲ್ಲ ಇಲ್ಲಿಗೆ ಸೇರುತ್ತವೆ. ಎರಡನೆಯದು ನಾಲಿಗೆ. ಇಲ್ಲಿ ಸುಮ್ಮನೆ ‘ಒಳ್ಳೆಯ ಮಾತು ಕೊಟ್ಟೆ’ ಎಂದು ದಾಟಬೇಡಿ. ನಿಮ್ಮ ಬಾಯಿಂದ ಮಕ್ಕಳು ಮೊದಲ ಸಲ ಕೇಳಿದ್ದು ಏನು ಎಂದು ನೆನಪು ಮಾಡಿಕೊಳ್ಳಿ. ವರ್ಣಮಾಲೆ, ಮಗ್ಗಿ, ನಾಡಗೀತೆ. ಎಷ್ಟೋ ಮಕ್ಕಳಿಗೆ ಕನ್ನಡವೆಂಬುದೇ ನಿಮ್ಮ ಬಾಯಿಂದ ಬಂದದ್ದು, ಯಾಕೆಂದರೆ ಚಿಂತಾಮಣಿ, ಬಾಗೇಪಲ್ಲಿ ಕಡೆಯ ಮನೆಗಳಲ್ಲಿ ಅವರು ಕೇಳಿಕೊಂಡು ಬೆಳೆಯುವುದು ತೆಲುಗು. ಮೂರನೆಯದು ಕಿವಿ. ಒಂದನೇ ತರಗತಿಯ ಮಗು ತೆಲುಗಿನಲ್ಲಿ ಅಳುತ್ತಾ ಏನೋ ಹೇಳಿದಾಗ ನಿಮಗೆ ಅರ್ಥವಾಯಿತು. ಬೇರೆ ಜಿಲ್ಲೆಯಿಂದ ಬಂದ ಸಹೋದ್ಯೋಗಿಗಳಿಗೆ ಅದು ಕಷ್ಟವಾಗಿರುತ್ತದೆ. ಮನೆಮಾತು ತೆಲುಗು ಎಂದು ನೀವು ಸಂಕೋಚದಿಂದ ಬರೆದಂತಿದೆ. ಪ್ರಾರ್ಥನೆಯಲ್ಲಿ ಅದಕ್ಕೆ ಬೇರೆಯಾಗಿಯೇ ಕೃತಜ್ಞತೆ ಹೇಳಬೇಕು ಎನ್ನುತ್ತೇನೆ ನಾನು.

ನಾಲ್ಕನೆಯದು ಬಟ್ಟೆ, ಅನ್ನ. ಅಂದರೆ ಸಂಬಳ. ಇದನ್ನು ದೇವರ ಮುಂದೆ ಹೇಳಲು ಬಹಳ ಜನ ನಾಚುತ್ತಾರೆ, ಸೇವೆಯ ಮಾತಿನ ನಡುವೆ ದುಡ್ಡು ಬಂದರೆ ಮೈಲಿಗೆಯಾಯಿತೇನೋ ಎಂಬಂತೆ. ಉಪನಿಷತ್ತಿನ ಗುರುವಿಗೆ ಆ ನಾಚಿಕೆ ಇರಲಿಲ್ಲ, ಹಸುವನ್ನೂ ಸೇರಿಸಿ ಕೇಳಿದ. ಆ ಸಂಬಳದಲ್ಲಿ ನಿಮ್ಮ ಮಕ್ಕಳು ಓದಿರುತ್ತಾರೆ, ಅತ್ತೆ ಮಾವನ ಔಷಧಿ ಬಂದಿರುತ್ತದೆ. ನಾಲ್ಕು ಮಾತಿನಲ್ಲಿ ಹೇಳಿ. ಶಾಲೆಯ ಬಿಸಿಯೂಟದ ಒಲೆಯ ಮುಂದೆ ನಿಂತು ಬೇಯಿಸಿದವರನ್ನೂ ಇಲ್ಲೇ ನೆನೆಯಿರಿ, ಸನ್ಮಾನದ ದಿನ ಅವರ ಹೆಸರು ವೇದಿಕೆಯ ಮೇಲೆ ಬರುವುದು ಅಪರೂಪ.

ಕೊನೆಗೆ ಮಕ್ಕಳು. ಎಲ್ಲರ ಹೆಸರು ಹೇಳಲಾಗದು, ಹೇಳಲೂ ಬೇಡಿ. ಊರುಗಳ ಹೆಸರು ಹೇಳಿ. ಮೊದಲ ಶಾಲೆಯ ಊರು, ಎರಡನೆಯದು, ಈಗಿನದು. ಊರಿನ ಹೆಸರು ಬಂದ ಕೂಡಲೇ ಮುಖಗಳು ತಾವಾಗಿ ಬರುತ್ತವೆ, ಬಂದಷ್ಟು ಹೊತ್ತು ಸುಮ್ಮನಿರಿ. ಚೆನ್ನಾಗಿ ಓದಿ ಮೇಲೆ ಬಂದವರನ್ನು ನೆನೆಯುವುದು ಸುಲಭ. ಬಲವಂತಕ್ಕಾದರೂ ಇಬ್ಬರು ಮೂವರು ಓದು ಹತ್ತದ ಮಕ್ಕಳನ್ನು ನೆನೆಯಿರಿ. ಅವರೂ ದಿನಾ ಬಂದು ನಿಮ್ಮ ಎದುರಿಗೇ ಕೂತಿದ್ದರು.

ಹೀಗೆ ಬರೆದುಕೊಂಡಾದ ಮೇಲೆ ಒಂದು ಪರೀಕ್ಷೆ ಮಾಡಿ. ಕರಡನ್ನು ಓದುತ್ತಾ ‘ನಾನು’ ಎಂಬುದು ಎಲ್ಲೆಲ್ಲಿ ಕೆಲಸ ಮಾಡುತ್ತಿದೆ ನೋಡಿ. ನಿವೃತ್ತರಾಗುವವರ ಪ್ರಾರ್ಥನೆ ಹಾದಿ ತಪ್ಪುವುದು ಹೆಚ್ಚಾಗಿ ಇಲ್ಲೇ. ‘ಸ್ವಾಮಿ, ನಿನ್ನ ದಯೆಯಿಂದ ನಾನು ಸಾವಿರಾರು ಮಕ್ಕಳಿಗೆ ಅಕ್ಷರ ಕಲಿಸಿದೆ, ಒಂದು ದಿನವೂ ತಡವಾಗಿ ಹೋಗಲಿಲ್ಲ, ಶಾಲೆಗೆ ಒಳ್ಳೆಯ ಹೆಸರು ತಂದೆ.’ ದೇವರ ಹೆಸರು ಮೊದಲಲ್ಲೇ ಇದ್ದರೂ ಇದು ಬೀಳ್ಕೊಡುಗೆಯಲ್ಲಿ ಬೇರೆಯವರು ನಿಮ್ಮ ಬಗ್ಗೆ ಆಡಬೇಕಾದ ಮಾತು. ಅದನ್ನೇ ಹೀಗೆ ತಿರುಗಿಸಿ: ‘ಸ್ವಾಮಿ, ಮಕ್ಕಳು ಬಂದರು. ಅವರು ಅಕ್ಷರ ಕಲಿಯುವಾಗ ನಾನು ಅಲ್ಲಿದ್ದೆ. ಹೊತ್ತಿಗೆ ಸರಿಯಾಗಿ ಹೋಗಲು ಮೈಯಲ್ಲಿ ಶಕ್ತಿ ಇಟ್ಟೆ.’ ನಡೆದ ಸಂಗತಿ ಎರಡರಲ್ಲೂ ಒಂದೇ. ಎರಡನೆಯದರಲ್ಲಿ ಕೊಟ್ಟವರು ಯಾರು, ಪಡೆದವರು ಯಾರು ಎಂಬುದು ನೆಟ್ಟಗಿದೆ.

ಇನ್ನೊಂದು ದಾರಿ ತಪ್ಪುವುದು ಬೇಡಿಕೆ ನುಸುಳಿದಾಗ. ಪಿಂಚಣಿ ಕಾಗದ ಬೇಗ ಆಗಲಿ, ಮಗಳಿಗೆ ಸಂಬಂಧ ಕೂಡಿಬರಲಿ, ಆರೋಗ್ಯ ಇರಲಿ. ಕೇಳುವುದು ತಪ್ಪಲ್ಲ, ಮುಂದಿನ ಶನಿವಾರ ಧಾರಾಳವಾಗಿ ಕೇಳಿ. ಈ ದಿನ ಕೇಳಿದರೆ ಅದುವರೆಗೆ ಹೇಳಿದ ಕೃತಜ್ಞತೆಯೆಲ್ಲ ಆ ಬೇಡಿಕೆಗೆ ಹಾಕಿದ ಪೀಠಿಕೆಯಂತೆ ನಿಮಗೇ ಕೇಳಿಸುತ್ತದೆ. ಬೇರೆಯವರಿಗಾಗಿ ಕೇಳುವುದಕ್ಕೆ ಮಾತ್ರ ಜಾಗವಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಈಗ ನಿಮ್ಮ ಕಷ್ಟದ ಮಾತು. ಹೌದು, ಅವು ಬರಬೇಕು. ಕೃತಜ್ಞತೆಯ ನಂತರ ಬರಬೇಕು, ಮುಂಚೆ ಅಲ್ಲ. ನಮ್ಮ ಪೂಜೆಗಳಲ್ಲೂ ಕ್ಷಮಾಪಣೆ ಕೊನೆಗೇ ಇರುವುದು. ಮೊದಲೇ ತಪ್ಪಿನಿಂದ ಶುರುಮಾಡಿದರೆ ಮನಸ್ಸು ಅಲ್ಲೇ ಹೂತುಹೋಗಿ, ಸಿಕ್ಕಿದ್ದನ್ನು ಎಣಿಸಲು ಏಳುವುದೇ ಇಲ್ಲ.

ಆದರೆ ನೀವು ಒಂದೇ ಉಸಿರಿನಲ್ಲಿ ಬರೆದ ಎರಡು ಸಂಗತಿಗಳು ಒಂದೇ ಬಗೆಯವಲ್ಲ. ಹೊಡೆದದ್ದು ನಿಮ್ಮ ಕೈ. ಮದುವೆ ಮಾಡಿದ್ದು ಬೇರೆಯವರು. ಇವೆರಡನ್ನೂ ಕಲೆಸಿ ‘ನನ್ನ ಎಲ್ಲ ತಪ್ಪುಗಳನ್ನು ಕ್ಷಮಿಸು’ ಎಂದರೆ ಮೊದಲನೆಯದು ತೇಲಿಹೋಗುತ್ತದೆ, ಎರಡನೆಯದು ನಿಮ್ಮದಲ್ಲದ ಭಾರವಾಗಿ ಹೆಗಲ ಮೇಲೆ ಉಳಿಯುತ್ತದೆ.

ಹೊಡೆದದ್ದರ ಬಗ್ಗೆ ಕಾರಣ ಕೊಡದೆ ಹೇಳಿ. ಆಗ ಎಲ್ಲರೂ ಹೊಡೆಯುತ್ತಿದ್ದರು, ಹೆತ್ತವರೇ ‘ನಾಲ್ಕು ಬಿಡಿ ಟೀಚರ್’ ಎನ್ನುತ್ತಿದ್ದರು ಎಂಬುದು ನಿಜ. ಮಕ್ಕಳಿಗೆ ದೈಹಿಕ ಶಿಕ್ಷೆ ಕೂಡದು ಎಂದು ಶಿಕ್ಷಣ ಹಕ್ಕು ಕಾಯ್ದೆ ಹೇಳಿದ್ದು 2009ರಲ್ಲಿ, ಅದು ಜಾರಿಗೆ ಬಂದದ್ದು 2010ರ ಏಪ್ರಿಲ್‌ನಲ್ಲಿ. ನಿಮ್ಮ ಮೊದಮೊದಲ ವರ್ಷಗಳು ಅದಕ್ಕೂ ಹಿಂದಿನವು. ಇವೆಲ್ಲ ಇಲಾಖೆಯ ಮುಂದೆ ಹೇಳುವ ಸಮಜಾಯಿಷಿ. ಪ್ರಾರ್ಥನೆಯಲ್ಲಿ ಬೇಕಾದದ್ದು ಯಾವ ಮಗು, ಯಾವ ಕಾರಣಕ್ಕೆ, ಎಲ್ಲಿಗೆ ಪೆಟ್ಟು ಬಿತ್ತು ಎಂಬಷ್ಟು ಬಿಡಿಸಿದ ನೆನಪು. ಒಂದು ನೆನಪು ಸಾಕು. ಧರ್ಮಶಾಸ್ತ್ರಗಳು ಪ್ರಾಯಶ್ಚಿತ್ತ ಹೇಳುವಾಗ ಮಾಡಿದ್ದನ್ನು ಬಾಯಿಬಿಟ್ಟು ಹೇಳುವುದಕ್ಕೂ ಅದಕ್ಕಾಗಿ ಮನಸ್ಸು ನೋಯುವುದಕ್ಕೂ ದೊಡ್ಡ ಜಾಗ ಕೊಟ್ಟಿವೆ. ಬಾಯಿಬಿಟ್ಟು ಹೇಳುವುದು ಎಂದರೆ ಹೀಗೆ ಬಿಡಿಬಿಡಿಯಾಗಿ ಹೇಳುವುದು.

ಅದೇ ಶೀಕ್ಷಾವಲ್ಲಿಯ ಹನ್ನೊಂದನೇ ಅನುವಾಕದಲ್ಲಿ ಓದು ಮುಗಿಸಿ ಹೊರಟ ಶಿಷ್ಯನಿಗೆ ಗುರು ಹೇಳುವ ಮಾತುಗಳಿವೆ. ತಾಯಿಯನ್ನು ದೇವರೆಂದು ಕಾಣು, ತಂದೆಯನ್ನು ದೇವರೆಂದು ಕಾಣು ಎಂಬ ಭಾಗ ಶಾಲೆಯ ಗೋಡೆಗಳ ಮೇಲೆಲ್ಲ ಇರುತ್ತದೆ. ಅದರ ಬೆನ್ನಲ್ಲೇ ಇರುವ ಮಾತನ್ನು ಯಾರೂ ಗೋಡೆಗೆ ಬರೆಸುವುದಿಲ್ಲ: ನಮ್ಮಲ್ಲಿ ಯಾವುವು ಒಳ್ಳೆಯ ನಡತೆಗಳೋ ಅವನ್ನಷ್ಟೇ ನೀನು ಅನುಸರಿಸು, ಉಳಿದವನ್ನಲ್ಲ. ತನ್ನಲ್ಲಿ ‘ಉಳಿದವು’ ಇವೆ ಎಂದು ಗುರುವೇ ಶಿಷ್ಯನ ಎದುರು ಒಪ್ಪಿಕೊಂಡ ಮಾತು ಅದು. ನಿಮ್ಮ ಕ್ಷಮಾಪಣೆಗೆ ಇದಕ್ಕಿಂತ ಸರಿಯಾದ ಆಸರೆ ನನಗೆ ಕಾಣುವುದಿಲ್ಲ. ನನ್ನಿಂದ ಕಂಡ ಒಳ್ಳೆಯದು ಆ ಮಕ್ಕಳಲ್ಲಿ ಉಳಿಯಲಿ, ನನ್ನ ಕೋಪ ಅವರಲ್ಲಿ ಉಳಿಯದಿರಲಿ ಎಂದು ಕೇಳಿಕೊಳ್ಳಿ. ಪೆಟ್ಟು ತಿಂದ ಹುಡುಗ ಇಂದು ತನ್ನ ಮಕ್ಕಳಿಗೆ ಹೊಡೆಯದಿರಲಿ ಎಂಬುದೂ ಇದರೊಳಗೇ ಬರುತ್ತದೆ.

ಇಲ್ಲಿ ಪ್ರಾರ್ಥನೆಗೆ ಒಂದು ಮಿತಿಯಿದೆ. ಆ ಹುಡುಗ ಈಗ ಎಲ್ಲಿದ್ದಾನೆ ಎಂದು ನಿಮಗೆ ಗೊತ್ತಿದ್ದರೆ, ಅವನು ಸಮಾರಂಭಕ್ಕೆ ಬಂದು ಕಾಲಿಗೆ ಬಿದ್ದರೆ, ದೇವರಿಗೆ ಹೇಳುವ ಮುಂಚೆ ಅವನಿಗೆ ಹೇಳಬೇಕು. ‘ಆವತ್ತು ನಿನಗೆ ಹೊಡೆದದ್ದು ತಪ್ಪಾಯಿತಪ್ಪ’ ಎಂದರೆ ಸಾಕು. ‘ಅಯ್ಯೋ ಬಿಡಿ ಮಿಸ್, ಅದರಿಂದಲೇ ಉದ್ಧಾರ ಆದೆ’ ಎಂದು ಅವನು ನಗಬಹುದು. ಅವನು ಬಿಟ್ಟನೆಂದು ನೀವು ಪ್ರಾರ್ಥನೆಯಿಂದ ಬಿಡಬೇಡಿ.

ಆ ಹುಡುಗಿಯ ವಿಷಯಕ್ಕೆ ಕ್ಷಮೆ ಕೇಳುವ ಮುಂಚೆ ನಿಮ್ಮನ್ನು ನೀವೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಆಗ ನನ್ನ ಕೈಲಾಗುವಂಥದ್ದು ಏನಾದರೂ ಇತ್ತೇ, ಅದನ್ನು ನಾನು ಬಿಟ್ಟೆನೇ? ಮನೆಗೆ ಹೋಗಿ ಮಾತಾಡಿದಿರಾ, ಮುಖ್ಯ ಶಿಕ್ಷಕರಿಗೆ, ಅಂಗನವಾಡಿಯವರಿಗೆ ತಿಳಿಸಿದಿರಾ? ಮಾಡಬಹುದಾದದ್ದನ್ನು ಊರಿನ ಹೆದರಿಕೆಗೆ ಬಿಟ್ಟಿದ್ದರೆ ಅಷ್ಟಕ್ಕೆ ಮಾತ್ರ, ಅಷ್ಟನ್ನೇ ಹೆಸರಿಸಿ ಕ್ಷಮೆ ಕೇಳಿ. ಮಾಡಬಹುದಾದದ್ದೆಲ್ಲ ಮಾಡಿಯೂ ಆಗಲಿಲ್ಲವಾದರೆ ಅದು ತಪ್ಪಲ್ಲ, ದುಃಖ. ದುಃಖವನ್ನು ದುಃಖವೆಂದೇ ದೇವರ ಮುಂದಿಡಿ. ಎರಡರಲ್ಲಿ ಯಾವುದಾದರೂ ಸರಿ, ಅವಳ ಹೆಸರು ಹೇಳಿ. ಬೇರೆ ಮಕ್ಕಳಿಗೆ ಊರಿನ ಹೆಸರು ಸಾಕೆಂದೆ, ಅವಳಿಗೆ ಅವಳ ಹೆಸರೇ ಬೇಕು.

ಮೂರನೆಯ ಭಾಗ ವಹಿಸಿಕೊಡುವುದು. ಏಪ್ರಿಲ್ ಕೊನೆಗೆ ನಿವೃತ್ತರಾಗುವವರಿಗೆ ವರ್ಷ ಮುಗಿದಿರುತ್ತದೆ, ಫಲಿತಾಂಶ ಕೊಟ್ಟಿರುತ್ತಾರೆ. ಮೇ 31ರವರ ಸ್ಥಿತಿ ಹಾಗಲ್ಲ. ಮೇ ಕೊನೆಯ ವಾರ ಶಾಲೆ ತೆರೆದು, ತೋರಣ ಕಟ್ಟಿ, ಸಿಹಿ ಹಂಚಿ ಮಕ್ಕಳನ್ನು ಬರಮಾಡಿಕೊಂಡ ಬೆನ್ನಿಗೇ ನೀವು ಹೊರಡುತ್ತೀರಿ. ಒಂದನೇ ತರಗತಿಗೆ ಹೊಸದಾಗಿ ಸೇರಿದ ಮಗುವಿಗೆ ನಿಮ್ಮ ಹೆಸರೂ ಗೊತ್ತಿರುವುದಿಲ್ಲ. ಹಳ್ಳಿ ಶಾಲೆಗಳಲ್ಲಿ ಶಾಲೆಗೆ ಸೇರಿಸುವಾಗ ಜೂನ್ ತಿಂಗಳ ದಿನಾಂಕ ಬರೆಸಿಕೊಂಡವರು ಬಹಳ, ಹಾಗಾಗಿ ನಿಮ್ಮ ಹಾಗೆ ಶಾಲೆಯ ಬಾಗಿಲು ತೆರೆದ ಹೊತ್ತಿನಲ್ಲೇ ಹೊರಗೆ ನಡೆಯುವ ಶಿಕ್ಷಕರೂ ಬಹಳ. ಇಂಥವರ ಪ್ರಾರ್ಥನೆಯಲ್ಲಿ ‘ನನ್ನ ಕೆಲಸ ಮುಗಿಯಿತು’ ಎಂಬ ಮಾತು ಸುಳ್ಳಾಗುತ್ತದೆ. ಮುಖ್ಯ ಶಿಕ್ಷಕರಿಗೆ ಪುಸ್ತಕ, ಬೀಗದ ಕೈ ಒಪ್ಪಿಸಿ ಸಹಿ ಹಾಕಿದ ಹಾಗೆ ಆ ಮಕ್ಕಳನ್ನು ದೇವರಿಗೂ, ನಿಮ್ಮ ಜಾಗಕ್ಕೆ ಬರುವವರಿಗೂ ಒಪ್ಪಿಸಿ. ಬರುವವರು ಕಾಯಂ ಶಿಕ್ಷಕರೋ, ಅತಿಥಿ ಶಿಕ್ಷಕರೋ ಇನ್ನೂ ತಿಳಿದಿರುವುದಿಲ್ಲ. ಯಾರಾದರೂ ಸರಿ, ಉಪನಿಷತ್ತಿನ ಗುರು ತನಗಾಗಿ ಕೇಳಿದ್ದನ್ನು ನೀವು ಅವರಿಗಾಗಿ ಕೇಳಿ. ಬೇರೆಯವರಿಗಾಗಿ ಕೇಳಲು ಜಾಗವಿದೆ ಎಂದದ್ದು ಇದನ್ನೇ.

ಭಾಷೆಯ ಬಗ್ಗೆ ಹೆಚ್ಚು ಯೋಚಿಸಬೇಡಿ. ನಿಮ್ಮ ತಾಲ್ಲೂಕಿನಲ್ಲೇ ಕೈವಾರವಿದೆ. ಕೈವಾರದ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ದೇವರನ್ನು ಹಾಡಿದವರು. ಪಾಠ ಮಾಡಿದ್ದು ಕನ್ನಡದಲ್ಲಿ, ಆದ್ದರಿಂದ ಶಾಲೆಯ ಮಾತು ಕನ್ನಡದಲ್ಲೇ ಸಲೀಸಾಗಿ ಬರುತ್ತದೆ. ಕ್ಷಮೆ ಕೇಳುವಾಗ ತೆಲುಗು ಬಾಯಿಗೆ ಬಂದರೆ ತಡೆಯಬೇಡಿ. ಮನುಷ್ಯ ನೊಂದಾಗ ತಾಯಿಯ ಮಾತೇ ಮೊದಲು ಬರುವುದು.

ದನಿಯ ವಿಷಯ ಮಾತ್ರ ಸ್ವಲ್ಪ ಗಮನಿಸಿ. ಜಪಕ್ಕೆ ಮೂರು ಬಗೆ ಹೇಳುತ್ತಾರೆ. ಎಲ್ಲರಿಗೂ ಕೇಳುವಂಥದ್ದು ವಾಚಿಕ. ತುಟಿ ಅಲುಗುತ್ತದೆ, ಪಕ್ಕದವರಿಗೆ ಕೇಳದು, ಅದು ಉಪಾಂಶು. ತುಟಿಯೂ ಅಲುಗದ್ದು ಮಾನಸ. ಮಾನಸವೇ ಶ್ರೇಷ್ಠವೆನ್ನುತ್ತಾರೆ, ಆದರೆ ಅಂಥ ದಿನದ ಸಂಜೆ ಮನಸ್ಸಿನಲ್ಲೇ ಹೇಳಿಕೊಳ್ಳಲು ಹೋದರೆ ಎರಡು ಮಾತಾಗುವಷ್ಟರಲ್ಲಿ ಮಧ್ಯಾಹ್ನದ ಸಮಾರಂಭಕ್ಕೆ ಜಾರಿಬಿಡುತ್ತೀರಿ. ಉಪಾಂಶು ಹಿಡಿಯಿರಿ. ತುಟಿ ನಿಂತ ಕೂಡಲೇ ಮನಸ್ಸು ಎಲ್ಲೋ ಹೋಗಿದೆ ಎಂದು ನಿಮಗೇ ತಿಳಿಯುತ್ತದೆ, ಹೇಳಿದ ಕೊನೆಯ ಮಾತಿಗೆ ಹಿಂದಿರುಗಬಹುದು.

ಶುರುವಿಗೆ ಸಂಕಲ್ಪ ಬೇಕು, ಎರಡೇ ಸಾಲು. ಪುರೋಹಿತರು ಸಂಕಲ್ಪದಲ್ಲಿ ಭರತಖಂಡದಿಂದ ಹಿಡಿದು ಗೋದಾವರಿಯ ದಕ್ಷಿಣ ತೀರದವರೆಗೆ ಹೇಳಿ, ಎಲ್ಲಿ ಕೂತು, ಯಾವ ದಿನ, ಯಾರು, ಯಾಕೆ ಮಾಡುತ್ತಿದ್ದೇವೆ ಎಂದು ಗೊತ್ತುಮಾಡುತ್ತಾರೆ. ನೀವು ಗೋದಾವರಿಯ ಬದಲು ನಿಮ್ಮ ಶಾಲೆಯ ಊರಿನ ಕೆರೆಯ ಹೆಸರು ಹೇಳಿ.

ನೀವು ಬರೆದ ಸಂಗತಿಗಳನ್ನಿಟ್ಟುಕೊಂಡು ಒಂದು ಮಾದರಿ ಕಟ್ಟಿಕೊಡುತ್ತೇನೆ. ಊರು, ಕೆರೆ, ಹೆಸರುಗಳನ್ನು ನೀವು ತುಂಬಿಕೊಳ್ಳಿ. ನಿಮ್ಮ ಬದುಕಿಗೆ ಹೊಂದದ್ದನ್ನು ಹೊಡೆದುಹಾಕಿ.

‘ಸ್ವಾಮಿ ವೆಂಕಟರಮಣ, ಚಿಂತಾಮಣಿ ಸೀಮೆಯಲ್ಲಿ, ಈ ಕೆರೆಯ ನೀರು ಕುಡಿದು ಬದುಕಿದ ನಾನು, ಈ ಶನಿವಾರ ಸಂಜೆ ಕೊನೆಯ ಸಲ ಶಾಲೆ ಮುಗಿಸಿ ಬಂದು ನಿನ್ನ ಮುಂದೆ ಕೂತಿದ್ದೇನೆ. ಕೇಳಲು ಬಂದಿಲ್ಲ. ಕೊಟ್ಟದ್ದನ್ನು ನೆನೆಯಲು ಬಂದಿದ್ದೇನೆ.

ನಿಲ್ಲಲು ಕಾಲು ಕೊಟ್ಟೆ. ಬಸ್ಸಿಳಿದು ನಡೆದ ದಾರಿಯಲ್ಲಿ ಮಳೆಗೂ ಬಿಸಿಲಿಗೂ ಕಾಪಾಡಿದೆ. ಮಂಡಿ ನೋಯುತ್ತಿದ್ದರೂ ಕರಿಹಲಗೆಯವರೆಗೆ ನಡೆಸಿದೆ.

ನಾಲಿಗೆ ಕೊಟ್ಟೆ. ಮಕ್ಕಳು ಮೊದಲ ಅಕ್ಷರ ಕೇಳಿದ್ದು ಈ ಬಾಯಿಂದ. ಅಷ್ಟು ದೊಡ್ಡ ಕೆಲಸಕ್ಕೆ ಈ ಬಾಯಿ ಸಾಕೆಂದು ನೀನು ನಂಬಿದೆ.

ಕಿವಿ ಕೊಟ್ಟೆ. ನಮ್ಮವ್ವ ಆಡಿದ ತೆಲುಗು ಕೊಟ್ಟೆ. ಅಳುತ್ತಾ ಬಂದ ಮಗು ಏನು ಹೇಳುತ್ತಿದೆ ಎಂದು ಅದರಿಂದ ತಿಳಿಯಿತು.

ತಿಂಗಳು ತಿಂಗಳೂ ಸಂಬಳ ಬಂತು. ಮನೆಯ ಒಲೆ ಉರಿಯಿತು, ಮಕ್ಕಳು ಓದಿದರು, ಹಿರಿಯರಿಗೆ ಔಷಧಿ ತಪ್ಪಲಿಲ್ಲ. ಶಾಲೆಯಲ್ಲಿ ಬೇಯಿಸಿ ಬಡಿಸಿದ ಕೈಗಳು ತಣ್ಣಗಿರಲಿ.

ಮಕ್ಕಳನ್ನು ಕಳಿಸಿದೆ. (ಇಲ್ಲಿ ಊರುಗಳ ಹೆಸರು, ಒಂದೊಂದಾಗಿ.) ಬೇಗ ಕಲಿತವರನ್ನು ಕಳಿಸಿದೆ, ಕಲಿಯಲಾರದವರನ್ನೂ ಕಳಿಸಿದೆ. ಇಬ್ಬರೂ ನನ್ನ ಮುಖ ನೋಡಿಕೊಂಡು ಕೂತರು. ಅವರನ್ನು ಬೇರೆ ಯಾರ ಬಳಿಗೋ ಕಳಿಸಬಹುದಿತ್ತು, ನನ್ನ ಬಳಿಗೆ ಕಳಿಸಿದೆ.

ಸ್ವಾಮಿ, ಈ ಕೈ ಹೊಡೆದಿದೆ. (ಮಗುವಿನ ಹೆಸರು.) ಅವನು ಮಾಡಿದ್ದು ಸಣ್ಣದು, ನನ್ನ ಕೋಪ ದೊಡ್ಡದಿತ್ತು. ತಪ್ಪು ನನ್ನದು. ನನ್ನಲ್ಲಿ ಒಳ್ಳೆಯದೇನಾದರೂ ಅವನು ಕಂಡಿದ್ದರೆ ಅದು ಅವನಲ್ಲಿ ಉಳಿಯಲಿ. ಆ ಪೆಟ್ಟು ಉಳಿಯದಿರಲಿ. ನಮ್ಮ ನಡುವೆ ದ್ವೇಷ ಬೇಡ.

(ಹುಡುಗಿಯ ಹೆಸರು) ಇನ್ನೂ ಓದಬೇಕಾಗಿತ್ತು. ಅವಳ ಜಾಗ ಖಾಲಿಯಾಯಿತು. ನಾನು ಮಾಡಬಹುದಾಗಿದ್ದು ಮಾಡದೆ ಬಿಟ್ಟದ್ದನ್ನು ಕ್ಷಮಿಸು. ನನ್ನ ಕೈ ಮೀರಿದ್ದನ್ನು ನಿನ್ನ ಮುಂದಿಟ್ಟಿದ್ದೇನೆ. ಅವಳು ಎಲ್ಲಿದ್ದರೂ ಅವಳ ಮಕ್ಕಳು ಅವಳು ಬಿಟ್ಟ ತರಗತಿಯನ್ನು ದಾಟಲಿ.

ಈ ವಾರ ಒಂದನೇ ತರಗತಿಗೆ ಬಂದ ಮಕ್ಕಳಿಗೆ ನಾನು ಏನನ್ನೂ ಕಲಿಸಲಿಲ್ಲ. ಅವರನ್ನು ನಿನಗೆ ಒಪ್ಪಿಸಿದ್ದೇನೆ. ನಾಳೆ ನನ್ನ ಜಾಗಕ್ಕೆ ಬರುವವರಿಗೆ ನಿಲ್ಲುವ ಕಾಲು ಕೊಡು, ಸಿಹಿ ನಾಲಿಗೆ ಕೊಡು, ಕೇಳುವ ಕಿವಿ ಕೊಡು. ಕೋಪ ಬಂದಾಗ ಅವರ ಕೈ ಹಿಡಿ.

ಗೋವಿಂದ, ಗೋವಿಂದ.’

ಇಷ್ಟು ಮುಗಿದ ಮೇಲೆ ಬೆಲ್ಲ ನೈವೇದ್ಯ ಮಾಡಿ, ನಮಸ್ಕರಿಸಿ ಎದ್ದುಬಿಡಿ. ನಿಧಾನಕ್ಕೆ ಹೇಳಿದರೆ ಐದರಿಂದ ಏಳು ನಿಮಿಷವಾಗುತ್ತದೆ. ಅರ್ಧ ಗಂಟೆ ಮೀರಿತೆಂದರೆ ಎಲ್ಲೋ ಸಮಾರಂಭದ ಮಾತೋ, ಹಳೆಯ ಜಗಳವೋ ಒಳಗೆ ಸೇರಿದೆ ಎಂದರ್ಥ.

ನಿಮ್ಮ ಕೈಯಿಂದಲೇ ಹಾಳೆಯ ಮೇಲೆ ಬರೆದುಕೊಳ್ಳಿ, ಗುರುವಾರ, ಶುಕ್ರವಾರ ಒಂದೊಂದು ಸಲ ಓದಿಕೊಳ್ಳಿ. ಎಲ್ಲಿ ಗಂಟಲು ಕಟ್ಟುತ್ತದೆ ಎಂದು ಆಗಲೇ ತಿಳಿಯುತ್ತದೆ, ಆ ಸಾಲಿನ ಮುಂಚೆ ಒಂದು ಉಸಿರು ನಿಲ್ಲಿಸಲು ಗುರುತು ಹಾಕಿಕೊಳ್ಳಿ. ಬಾಯಿಪಾಠ ಮಾಡಬೇಡಿ. ಬಾಯಿಪಾಠದಲ್ಲಿ ಮಾತು ಮರೆತರೆ ಗಾಬರಿಯಾಗುತ್ತದೆ, ಹಾಳೆ ಕೈಲಿದ್ದರೆ ಆ ಭಯವಿಲ್ಲ. ದೇವರ ಮುಂದೆ ಹಾಳೆ ನೋಡಿ ಓದುವುದು ಅಪಚಾರವಲ್ಲ, ಪಾರಾಯಣ ಮಾಡುವವರೆಲ್ಲ ಪುಸ್ತಕ ನೋಡಿಯೇ ಓದುತ್ತಾರೆ. ಕ್ಷಮೆಯ ಭಾಗದಲ್ಲಿ ಬೇರೆಯವರ ಹೆಸರುಗಳಿವೆ, ಆದ್ದರಿಂದ ಹಾಳೆಯನ್ನು ಮೇಜಿನ ಮೇಲೆ ಬಿಡಬೇಡಿ. ನಿಮ್ಮ ಪೆಟ್ಟಿಗೆಯಲ್ಲಿರಲಿ, ಅಥವಾ ಹರಿದು ತುಳಸಿ ಗಿಡದ ಬುಡಕ್ಕೆ ಹಾಕಿ ಮಣ್ಣು ಮುಚ್ಚಿ.

ಶನಿವಾರ ರಾತ್ರಿ ನೆಂಟರು ಉಳಿದುಕೊಂಡು ಏಕಾಂತವೇ ಸಿಗದಿದ್ದರೆ ಭಾನುವಾರ ಬೆಳಗಿನ ಜಾವ ಎಲ್ಲರೂ ಏಳುವ ಮುಂಚೆ ಹೇಳಿಕೊಳ್ಳಿ. ನಿವೃತ್ತಿಯ ಅಪರಾಹ್ನ ಇನ್ನೂ ಮುಂದೆಯೇ ಇರುತ್ತದೆ, ‘ಈ ಶನಿವಾರ’ ಎಂಬಲ್ಲಿ ‘ನಿನ್ನೆ’ ಎಂದರಾಯಿತು. ಅಷ್ಟೂ ಹೊತ್ತಿಲ್ಲದೆ ಮೊಟಕು ಮಾಡಲೇಬೇಕಾಗಿ ಬಂದರೆ ಕಾಲು, ನಾಲಿಗೆ, ಸಂಬಳದ ಸಾಲುಗಳನ್ನು ಬಿಡಿ. ಊರುಗಳ ಹೆಸರು, ಆ ಇಬ್ಬರು ಮಕ್ಕಳ ಹೆಸರು, ಒಂದನೇ ತರಗತಿಯವರನ್ನು ಒಪ್ಪಿಸುವ ಸಾಲು, ಇವನ್ನು ಬಿಡಬೇಡಿ.